ಮುಂಗೈ 15, ಮಡಚಿದ ಕೈ 18.6: ಯಾವ ಸೈಜಿನ ಬಳೆ ಮಾಡಿಸಬೇಕು?

ಪ್ರಶ್ನೆ: ಮಗಳು ಜರ್ಮನಿಯಲ್ಲಿದ್ದಾಳೆ. ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬಕ್ಕೆ ಊರಿಗೆ ಬರುತ್ತಾಳೆ. ಅಷ್ಟರೊಳಗೆ ನಾಲ್ಕು ಚಿನ್ನದ ಬಳೆ, ಒಂದೂವರೆ ಸೆಂ.ಮೀ. ಅಗಲದ ಒಂದು ಜೊತೆ ಕಡಗ ಮಾಡಿಸಬೇಕು. ಕಾಗದ ಸುತ್ತಿ ಅಳೆದು, ಮುಂಗೈ 15 ಸೆಂ.ಮೀ., ಕೈ ಮಡಚಿದಾಗ 18.6 ಸೆಂ.ಮೀ. ಅಂತ ಕಳಿಸಿದ್ದಾಳೆ. ಮದುವೆಯಲ್ಲಿ ಬಳೆಗಾರ್ತಿ 2-4 ಹಸಿರು ಬಳೆ ತೊಡಿಸಿದ್ದರು, ಸರಿಯಾಗಿಯೇ ಕೂತಿತ್ತು. ಅಕ್ಕಸಾಲಿಗರು 2-6 ಸಡಿಲವಾಗಿ ಬಿದ್ದುಹೋಗುತ್ತೆ, 2-4 ಸಾಕು ಅಂತಾರೆ. ಮೊಬೈಲಿನಲ್ಲಿ ನೋಡಿದರೆ 2.4 ಇಂಚು ಅಂದರೆ 61 ಮಿ.ಮೀ. ಅಂತ ಬರುತ್ತೆ. ಯಾವುದನ್ನು ನಂಬಲಿ?
(ಗೃಹಿಣಿ, ಶಿವಮೊಗ್ಗ)

ಉತ್ತರ: ನಾಲ್ಕು ಬಳೆಗೆ 2-6 ಅಂತಲೇ ಹೇಳಿ. ಕಡಗಕ್ಕೆ ಮಾತ್ರ ಇನ್ನೂ ಮುಂಗಡ ಕೊಡಬೇಡಿ, ಮಗಳಿಂದ ಇನ್ನೊಂದು ಸಣ್ಣ ಪರೀಕ್ಷೆ ಮಾಡಿಸಬೇಕು, ಅದನ್ನು ಕೆಳಗೆ ಬರೆದಿದ್ದೇನೆ. ನಿಮಗೆ ಯಾರೂ ಸುಳ್ಳು ಹೇಳಿಲ್ಲ. ಬಳೆಗಾರ್ತಿ ತೊಡಿಸಿದ 2-4 ನಿಜ, ಮಗಳು ಅಳೆದ 18.6 ನಿಜ, ಮೊಬೈಲಿನ ಲೆಕ್ಕವೂ ಒಂದು ರೀತಿಯಲ್ಲಿ ನಿಜ. ಆದರೆ ಮೂರೂ ಬೇರೆ ಬೇರೆ ವಿಷಯ ಹೇಳುತ್ತಿವೆ. ನಮ್ಮದು ಬಳೆ ಅಂಗಡಿ. ಅತ್ತೆಯವರ ಪಕ್ಕ ಕೂತು ಬಳೆ ತೊಡಿಸುವುದನ್ನು ಕಲಿತೆ, ಈಗ ಚಿನ್ನದ ಬಳೆಗೆ ಅಳತೆ ತೆಗೆದುಕೊಡುವುದೂ ನನ್ನ ಕೆಲಸವೇ. ಬಂದವರಲ್ಲಿ ಅರ್ಧದಷ್ಟು ಜನರಿಗೆ ಇರುವುದು ಇದೇ ಗೊಂದಲ.

ಮೊದಲು ಆ ಚುಕ್ಕಿಯ ವಿಷಯ ಮುಗಿಸೋಣ, ಯಾಕೆಂದರೆ ದುಡ್ಡು ಹೆಚ್ಚು ಕಳೆಯುವುದು ಅಲ್ಲೇ. ಬಳೆಯ ಸೈಜಿನಲ್ಲಿ ಮೊದಲ ಅಂಕಿ ಇಂಚು. ಎರಡನೆಯದು ಇಂಚನ್ನು ಹದಿನಾರು ಭಾಗ ಮಾಡಿದಾಗ ಅದರಲ್ಲಿ ಎಷ್ಟು ಭಾಗ ಎಂಬುದು. ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ. 2-4 ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು, ಅಂದರೆ ಎರಡೂಕಾಲು ಇಂಚು. 2-8 ಎಂದರೆ ಎರಡೂವರೆ, 2-12 ಎಂದರೆ ಎರಡೂಮುಕ್ಕಾಲು. ಇದು ಬಳೆಯ ಒಳಗಿನ ಅಡ್ಡಳತೆ, ಈ ಒಳ ಅಂಚಿನಿಂದ ಎದುರಿನ ಒಳ ಅಂಚಿಗೆ. ಹಾಗಾಗಿ 2-4 ಬಳೆ 57 ಮಿಲಿಮೀಟರಿಗೆ ಒಂದು ಕೂದಲೆಳೆ ಹೆಚ್ಚು, 61 ಅಲ್ಲ. ಗೀಟು ಎಳೆಯುವ ಜಾಗದಲ್ಲಿ ಚುಕ್ಕಿ ಇಟ್ಟು 2.4 ಎಂದು ಬರೆಯುವುದು ರೂಢಿ. ಅದನ್ನು ಶಾಲೆಯಲ್ಲಿ ಕಲಿತ ದಶಮಾಂಶ ಎಂದು ಓದಿದರೆ 61 ಮಿ.ಮೀ. ಬರುತ್ತದೆ, ಅದು ಹೆಚ್ಚುಕಡಿಮೆ 2-6ರ ಅಳತೆ. ಪೂರ್ತಿ ಒಂದು ಸೈಜು ವ್ಯತ್ಯಾಸವಾಯಿತು. 2.10 ಎಂದು ಬರೆದಿದ್ದರೆ ಅದು 2.8ಕ್ಕಿಂತ ಚಿಕ್ಕದು ಅನ್ನಿಸುತ್ತದೆ, ನಿಜದಲ್ಲಿ ದೊಡ್ಡದು. ಆನ್‌ಲೈನಿನಲ್ಲಿ ತರಿಸುವಾಗ ಆ ಅಂಕಿಯ ಪಕ್ಕದಲ್ಲಿ ಮಿಲಿಮೀಟರ್ ಎಷ್ಟೆಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಕೇಳದೆ ತರಿಸಬೇಡಿ.

ಇನ್ನು ಸುತ್ತಳತೆಗೆ ಬರೋಣ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸಿಗುತ್ತದೆ ಎನ್ನುವುದು ಸರಿ, ಆದರೆ ನಾನು ಅಂಗಡಿಯಲ್ಲಿ ಯಾರಿಗೂ ಭಾಗಾಕಾರ ಮಾಡಿಸುವುದಿಲ್ಲ. ಒಂದು ಸೈಜಿಗೂ ಮುಂದಿನ ಸೈಜಿಗೂ ಒಳ ಸುತ್ತಳತೆಯಲ್ಲಿ ಸರಿಯಾಗಿ ಒಂದು ಸೆಂಟಿಮೀಟರ್ ವ್ಯತ್ಯಾಸ. 2-2 ಬಳೆಯ ಒಳಸುತ್ತು 17 ಸೆಂ.ಮೀ., 2-4ರದ್ದು 18, 2-6ರದ್ದು 19, 2-8ರದ್ದು 20, 2-10ರದ್ದು 21, 2-12ರದ್ದು 22. ಎಲ್ಲದರಲ್ಲೂ ಅರ್ಧ ಮಿ.ಮೀ. ಅಷ್ಟು ಕಮ್ಮಿ ಬರುತ್ತದೆ, ಅದು ಲೆಕ್ಕಕ್ಕಿಲ್ಲ. ನಿಮ್ಮ ಮಗಳ 18.6 ಈ ಸಾಲಿನಲ್ಲಿ 2-4ಕ್ಕೂ 2-6ಕ್ಕೂ ನಡುವೆ, 2-6ರ ಹತ್ತಿರ ಬಂದು ನಿಲ್ಲುತ್ತದೆ. ನಡುವೆ ನಿಂತಾಗ ಚಿನ್ನಕ್ಕೆ ಯಾವಾಗಲೂ ಮೇಲಿನ ಸೈಜು.

ಹಾಗಾದರೆ ಮದುವೆಯ ದಿನ 18 ಸೆಂ.ಮೀ. ಸುತ್ತಿನ ಗಾಜಿನ ಬಳೆ 18.6ರ ಕೈಯೊಳಗೆ ಹೇಗೆ ಹೋಯಿತು?

ಹೋಗುತ್ತದೆ, ಯಾಕೆಂದರೆ ತೊಡಿಸಿದವರು ಬಳೆಗಾರ್ತಿ. ಆ ದಿನ ಅವರು ಏನು ಮಾಡಿದರು ನೆನಪಿಸಿಕೊಳ್ಳಿ. ಮಗಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಮೆತ್ತಗೆ ಹಿಸುಕಿದ್ದಾರೆ, "ಕೈ ಬಿಗಿ ಹಿಡೀಬೇಡ, ಸಡಿಲ ಬಿಡವ್ವ" ಎಂದು ಹೇಳಿದ್ದಾರೆ, ಮಾತಿಗೆ ಎಳೆದು ಗಮನ ಬೇರೆ ಕಡೆ ತಿರುಗಿಸಿದ್ದಾರೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಳೆಯನ್ನು ಓರೆ ಮಾಡಿ, ಮೊದಲು ಕಿರುಬೆರಳ ಗೆಣ್ಣು ದಾಟಿಸಿ, ಆಮೇಲೆ ಹೆಬ್ಬೆರಳ ಬುಡದ ಮೇಲೆ ಜಾರಿಸಿದ್ದಾರೆ. ಸಡಿಲ ಬಿಟ್ಟ ಕೈಯನ್ನು ಬೇರೆಯವರು ಒತ್ತಿದಾಗ ಅಂಗೈಯ ಎಲುಬುಗಳು ದೊನ್ನೆಯ ಹಾಗೆ ಬಾಗಿ ಹತ್ತಿರ ಬರುತ್ತವೆ, ಮಾಂಸವೂ ಒಳಕ್ಕೆ ಹೋಗುತ್ತದೆ. ಅದೇ ಹುಡುಗಿ ಮನೆಯಲ್ಲಿ ತಾನೇ ಬಳೆ ಹಾಕಿಕೊಳ್ಳುವಾಗ ಹೆಬ್ಬೆರಳನ್ನು ತನ್ನ ಬಲದಿಂದಲೇ ಒಳಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಂಡ ಕೂಡಲೇ ಹೆಬ್ಬೆರಳ ಬುಡದ ದಿಬ್ಬ ಬಿಗಿಯಾಗಿ ಉಬ್ಬುತ್ತದೆ. ಬೇಕಾದರೆ ಈಗಲೇ ನಿಮ್ಮ ಕೈಯಲ್ಲಿ ಮುಟ್ಟಿ ನೋಡಿ. ಜೊತೆಗೆ, ಅವಳಿಗೆ ಖಾಲಿ ಇರುವುದು ಒಂದೇ ಕೈ. ಆ ಒಂದೇ ಕೈಯಲ್ಲಿ ಬಳೆಯನ್ನೂ ತಳ್ಳಬೇಕು, ಗೆಣ್ಣನ್ನೂ ಒತ್ತಬೇಕು.

ಹಾಗಾಗಿ ಒಂದೇ ಕೈಗೆ ಎರಡು ಸೈಜು ಇರುತ್ತದೆ: ಬಳೆಗಾರ್ತಿ ತೊಡಿಸುವ ಸೈಜು, ತಾನೇ ಹಾಕಿ ತೆಗೆಯುವ ಸೈಜು. ಎರಡಕ್ಕೂ ಒಂದು ಸೈಜಿನ ವ್ಯತ್ಯಾಸ ಇರುವುದು ಸಾಮಾನ್ಯ. ಗಾಜಿನ ಬಳೆ ತೊಟ್ಟ ಮೇಲೆ ತಾನಾಗಿ ಹೋಗುವವರೆಗೂ ಕೈಯಲ್ಲೇ ಇರಲಿ ಎಂದು ತೊಡುವುದು, ಬಿಗಿಯಾಗಿದ್ದಷ್ಟೂ ಒಂದಕ್ಕೊಂದು ಬಡಿಯದೆ ಹೆಚ್ಚು ದಿನ ಬರುತ್ತದೆ. ಅಲ್ಲಿ ಚಿಕ್ಕ ಸೈಜೇ ಜಾಣತನ. ಚಿನ್ನದ ಬಳೆಯನ್ನು ಅವಳು ಜರ್ಮನಿಯಲ್ಲಿ ಒಬ್ಬಳೇ ಹಾಕಬೇಕು, ಒಬ್ಬಳೇ ತೆಗೆಯಬೇಕು. ಮದುವೆಯ ಬಳೆಯ ಅಂಕಿಯನ್ನು ಅಕ್ಕಸಾಲಿಗರಿಗೆ ಕೊಟ್ಟು ಕೈಸುಟ್ಟುಕೊಂಡವರು ನನ್ನ ಬಳಿ ವರ್ಷಕ್ಕೆ ಹತ್ತಾರು ಮಂದಿ ಬರುತ್ತಾರೆ. ಹಬ್ಬದ ದಿನ ಅಮ್ಮನೋ ಅತ್ತೆಯೋ ಸೇರಿ ಹೇಗೋ ತೊಡಿಸಿರುತ್ತಾರೆ, ರಾತ್ರಿ ತೆಗೆಯಲಾಗದೆ ಕೂತಿರುತ್ತಾರೆ.

ಇನ್ನೊಂದು ಮಾತು. ಗಾಜಿನ ಬಳೆಯ ಡಬ್ಬಿಯ ಮೇಲೆ 2-4 ಎಂದಿದ್ದರೆ ಒಳಗಿನ ಹನ್ನೆರಡೂ ಬಳೆ ಗೆರೆ ಕೊರೆದ ಹಾಗೆ 2-4 ಇರುವುದಿಲ್ಲ. ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುವ ಬಳೆಗಳಲ್ಲಿ ಗಾಜನ್ನು ಸುರುಳಿ ಸುತ್ತಿ, ಕತ್ತರಿಸಿ, ಒಂದೊಂದರ ಬಾಯನ್ನೂ ಬೆಂಕಿಯ ಮುಂದೆ ಕೈಯಿಂದಲೇ ಕೂಡಿಸುತ್ತಾರೆ. ಕೂಡಿಸುವಾಗ ಒಂದು ಮಿ.ಮೀ. ಆಚೀಚೆ ಆಗುತ್ತದೆ. ಮಗಳ ಹತ್ತಿರ ಮದುವೆಯ ಬಳೆ ಒಂದಾದರೂ ಉಳಿದಿದ್ದರೆ ಎಟಿಎಂ ಕಾರ್ಡು ಹಿಡಿದು ನೋಡಲು ಹೇಳಿ. ಕಾರ್ಡಿನ ಗಿಡ್ಡ ಬದಿ 54 ಮಿ.ಮೀ., ಅದು ಸರಿಯಾಗಿ 2-2 ಬಳೆಯ ಒಳ ಅಡ್ಡಳತೆ. 2-2 ಬಳೆಯೊಳಗೆ ಆ ಬದಿ ಅಡ್ಡಲಾಗಿ ಎರಡೂ ಕಡೆ ತಾಗಿ ಕೂರುತ್ತದೆ. 2-4 ಆದರೆ 3 ಮಿ.ಮೀ. ಸಂದು ಉಳಿಯುತ್ತದೆ, 2-6 ಆದರೆ 6 ಮಿ.ಮೀ. ಇದಕ್ಕಿಂತ ಸುಲಭದ ಅಳತೆಗೋಲು ನನಗೆ ಇನ್ನೂ ಸಿಕ್ಕಿಲ್ಲ. ಎಲ್ಲ ದೇಶದ ಬ್ಯಾಂಕಿನ ಕಾರ್ಡಿಗೂ ಅದೇ ಅಳತೆ, ಹಾಗಾಗಿ ನಿಮ್ಮಲ್ಲಿರುವುದೂ ಅವಳಲ್ಲಿರುವುದೂ ಒಂದೇ.

ಇನ್ನು ಅವಳ 18.6 ಎಷ್ಟು ನಂಬಿಕೆಯದು ಎಂಬ ಪ್ರಶ್ನೆ. ಮೂರು ಮಿ.ಮೀ. ತಪ್ಪಿದರೂ ಅದು ಮೂರರಲ್ಲೊಂದು ಸೈಜು. ಆದ್ದರಿಂದ ಇನ್ನೊಮ್ಮೆ ಅಳೆಸಿ, ಈ ರೀತಿ.

ಎ4 ಹಾಳೆಯ ಉದ್ದಕ್ಕೆ ಒಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಲಿ. ಅದಕ್ಕಿಂತ ಅಗಲವಾದರೆ ಕೈಯ ಇಳಿಜಾರಿನ ಮೇಲೆ ಪಟ್ಟಿ ಮಲಗುವುದಿಲ್ಲ, ಒಂದು ಅಂಚು ಎದ್ದು ನಿಂತು ಅಳತೆ ಹೆಚ್ಚು ತೋರಿಸುತ್ತದೆ. ಕೈಯನ್ನು ಮುಷ್ಟಿ ಕಟ್ಟಬಾರದು. "ಕೈ ಮುಚ್ಚಿ" ಎಂದರೆ ಬಹಳ ಜನ ಮುಷ್ಟಿ ಕಟ್ಟುತ್ತಾರೆ, ಆಗ ಗೆಣ್ಣುಗಳು ಎದ್ದು ಸುತ್ತಳತೆ ದೊಡ್ಡದಾಗುತ್ತದೆ. ನಾಲ್ಕು ಬೆರಳನ್ನೂ ನೇರವಾಗಿ ಜೋಡಿಸಿ, ಹೆಬ್ಬೆರಳ ತುದಿಯನ್ನು ಕಿರುಬೆರಳ ಬುಡಕ್ಕೆ ಮುಟ್ಟಿಸಬೇಕು, ಬಳೆ ಹಾಕಿಕೊಳ್ಳುವಾಗ ಮಾಡುವ ಹಾಗೆಯೇ. ಈಗ ಪಟ್ಟಿಯನ್ನು ಕೈಯ ಹಿಂಭಾಗದಲ್ಲಿ ಬೆರಳ ಬುಡದ ಗೆಣ್ಣುಗಳ ಮೇಲಿಂದ ತಂದು, ಕೆಳಗೆ ಹೆಬ್ಬೆರಳ ಬುಡದ ಗೆಣ್ಣಿನ ಮೇಲೆ ಸುತ್ತಬೇಕು. ಅತಿ ಅಗಲದ ಜಾಗ ಅದೇ. ಸುತ್ತಿದ ಪಟ್ಟಿಯನ್ನು ಒಂದು ಬೆರಳಷ್ಟು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿ, ಎಲ್ಲಿ ಹೆಚ್ಚು ಬರುತ್ತದೋ ಅದನ್ನೇ ತೆಗೆದುಕೊಳ್ಳಿ. ಒಂದೇ ಕೈಯಲ್ಲಿ ಸುತ್ತಿ ಗುರುತು ಹಾಕುವುದು ಕಷ್ಟ. ಅಳಿಯಂದಿರು ಪಕ್ಕದಲ್ಲಿದ್ದರೆ ಅವರು ಹಾಕಲಿ. ಪಟ್ಟಿ ಚರ್ಮಕ್ಕೆ ತಾಗಿರಬೇಕು, ಮಾಂಸವನ್ನು ಒತ್ತಬಾರದು. ತುದಿ ಎಲ್ಲಿ ಕೂಡುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಬಿಚ್ಚಿ, ಸ್ಕೇಲಿನ ಮೇಲೆ ಮಲಗಿಸಿ ಓದಬೇಕು. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆ ತುದಿಯಿಂದ ಸ್ವಲ್ಪ ಒಳಗಿರುತ್ತದೆ. ತುದಿಗೆ ಹಿಡಿದು ಓದಿದರೆ ಆ ನಾಲ್ಕೈದು ಮಿ.ಮೀ. ಅಲ್ಲೇ ಕಳೆದುಹೋಗುತ್ತದೆ.

ದರ್ಜಿಯ ಟೇಪು ಇದ್ದರೆ ಅದೂ ಆಗುತ್ತದೆ, ಹೊಸದಾಗಿರಬೇಕು. ವರ್ಷಗಟ್ಟಲೆ ಬಳಸಿದ ಬಟ್ಟೆಯ ಟೇಪು ಹಿಗ್ಗಿರುತ್ತದೆ, ಹಿಗ್ಗಿದ ಟೇಪು ಯಾವಾಗಲೂ ಕಮ್ಮಿ ತೋರಿಸುತ್ತದೆ. ಸ್ಕೇಲಿನ ಪಕ್ಕ ಹಿಡಿದರೆ ಗೊತ್ತಾಗುತ್ತದೆ. ದಾರದಲ್ಲಿ ಮಾತ್ರ ಅಳೆಯಬೇಡಿ. ದಾರ ಮಾಂಸದೊಳಗೆ ಇಳಿಯುತ್ತದೆ, ಎಳೆದರೆ ಉದ್ದವಾಗುತ್ತದೆ. ನಾನು ಶುರುವಿನಲ್ಲಿ ಒಬ್ಬ ತಾಯಿಗೆ ದಾರದಲ್ಲಿ ಅಳೆದು ಸೈಜು ಕೊಟ್ಟಿದ್ದೆ. ಬಳೆ ಗೆಣ್ಣು ದಾಟಲಿಲ್ಲ. ಆಗ ಅವರು ಏನೂ ಅನ್ನದೆ ಬಳೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು, ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆವತ್ತಿನಿಂದ ಅಳತೆಗೆ ದಾರ ಮುಟ್ಟಿಲ್ಲ.

ಎರಡೂ ಕೈ ಅಳೆಯಲಿ. ಕೆಲಸದ ಕೈ, ಹೆಚ್ಚಿನವರಿಗೆ ಬಲಗೈ, ಎಡಗೈಗಿಂತ ಕೊಂಚ ದೊಡ್ಡದು. ಎರಡೂ ಕೈಗೆ ಒಂದೇ ಸೈಜು ಮಾಡಿಸುವುದರಿಂದ ದೊಡ್ಡ ಕೈಯ ಅಳತೆಯೇ ಅಳತೆ. ಅಳೆಯುವುದು ಬೆಳಗ್ಗೆ ಎದ್ದ ಕೂಡಲೇ ಬೇಡ, ತಣ್ಣೀರಲ್ಲಿ ಕೈ ಇಟ್ಟ ಮೇಲೂ ಬೇಡ. ಮಧ್ಯಾಹ್ನ ಕಳೆದ ಮೇಲೆ, ಬೆಚ್ಚಗಿನ ಕೋಣೆಯಲ್ಲಿ ಅಳೆಯಲಿ. ಚಳಿಯಲ್ಲಿ ಕೈ ಕುಗ್ಗುತ್ತದೆ, ಸೆಖೆಯಲ್ಲಿ ಬಾತುಕೊಳ್ಳುತ್ತದೆ. ಅಲ್ಲಿಯ ಚಳಿಯಲ್ಲಿ 18.6 ಬಂದ ಕೈ ಇಲ್ಲಿಯ ಸೆಖೆಯಲ್ಲಿ 18.8 ಆದರೆ ಆಶ್ಚರ್ಯವಿಲ್ಲ, ವಿಮಾನದಲ್ಲಿ ಗಂಟೆಗಟ್ಟಲೆ ಕೂತು ಇಳಿದ ದಿನವಂತೂ ಇನ್ನೂ ಹೆಚ್ಚು. 2-6ರ ಒಳಸುತ್ತು 19. ನಾನು ಮೇಲಿನ ಸೈಜು ಹೇಳಲು ಇದೂ ಒಂದು ಕಾರಣ.

ಆದರೆ ಪಟ್ಟಿ ಹೇಳದ ವಿಷಯವೊಂದಿದೆ. ಕಾಗದ ಕೈ ಬಾಗಿದ ಕಡೆ ತಾನೂ ಬಾಗುತ್ತದೆ. ಬಳೆ ಬಾಗುವುದಿಲ್ಲ. ಮಡಚಿದ ಕೈ ಅಡ್ಡಕ್ಕೆ ನೋಡಿದರೆ ದುಂಡಗಿರುವುದಿಲ್ಲ, ಚಪ್ಪಟೆ ಇರುತ್ತದೆ. ಮೆತ್ತನೆಯ ಕೈ ಬಳೆಯೊಳಗೆ ಹೋಗುವಾಗ ದುಂಡಗಾಗುತ್ತದೆ, ಗಟ್ಟಿ ಗೆಣ್ಣಿನ ಕೈ ಆಗುವುದಿಲ್ಲ. ಸುತ್ತಳತೆ ಎರಡೂ ಕೈಯಲ್ಲಿ 18.6 ಇರಬಹುದು, ಒಂದಕ್ಕೆ 2-6 ಸಲೀಸಾಗಿ ಹೋಗುತ್ತದೆ, ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ನಮ್ಮ ಎದುರು ಕೂತವರಾದರೆ ಕೈ ಹಿಡಿದ ಕೂಡಲೇ ತಿಳಿಯುತ್ತದೆ. ದೂರದಲ್ಲಿರುವವರಿಗೆ ನಾನು ರಟ್ಟಿನ ಪರೀಕ್ಷೆ ಹೇಳುತ್ತೇನೆ.

ಕ್ಯಾಲೆಂಡರಿನ ಹಿಂದಿನ ರಟ್ಟೋ, ಗಟ್ಟಿ ಡಬ್ಬಿಯ ರಟ್ಟೋ ತೆಗೆದುಕೊಂಡು, ಕೈವಾರದಿಂದ ಮೂರು ವೃತ್ತ ಎಳೆದು ತೂತು ಕತ್ತರಿಸಲಿ. 2-4ಕ್ಕೆ ಕೈವಾರದ ಕಾಲು 2.85 ಸೆಂ.ಮೀ. ತೆರೆಯಬೇಕು, 2-6ಕ್ಕೆ 3 ಸೆಂ.ಮೀ., 2-8ಕ್ಕೆ 3.2ಕ್ಕಿಂತ ಕೂದಲೆಳೆ ಕಮ್ಮಿ. ತೂತಿನ ಸುತ್ತ ಎರಡು ಬೆರಳು ರಟ್ಟು ಉಳಿಯಬೇಕು, ಇಲ್ಲದಿದ್ದರೆ ಬಾಗಿ ಮೋಸ ಮಾಡುತ್ತದೆ. ಎಣ್ಣೆ, ಸೋಪು ಏನೂ ಹಚ್ಚದೆ, ಬೇರೆಯವರ ಸಹಾಯ ಇಲ್ಲದೆ ಕೈ ತೂರಿಸಲಿ. ರಟ್ಟು ಗೆಣ್ಣಿನ ಹತ್ತಿರ ತಡೆದು, ಸ್ವಲ್ಪ ಓರೆ ಮಾಡಿದರೆ ದಾಟಿ, ತೆಗೆಯುವಾಗಲೂ ಹಾಗೆಯೇ ಬಂದರೆ ಅದೇ ಅವಳ ಸೈಜು. ಒಂದಿಷ್ಟೂ ತಡೆಯದೆ ಹೋದರೆ ಅದು ದೊಡ್ಡದು. ರಟ್ಟು ಹರಿದರೆ, ಚರ್ಮದ ಮೇಲೆ ಕೆಂಪು ಗೆರೆ ಮೂಡಿದರೆ ಚಿಕ್ಕದು. ನನ್ನ ಅಂದಾಜಿನಲ್ಲಿ ನಿಮ್ಮ ಮಗಳಿಗೆ 2-4ರ ತೂತಿನಲ್ಲಿ ಹೆಬ್ಬೆರಳ ಗೆಣ್ಣು ಸಿಕ್ಕಿಕೊಳ್ಳುತ್ತದೆ, 2-6ರಲ್ಲಿ ತಡೆದು ದಾಟುತ್ತದೆ. 2-6ರಲ್ಲೂ ಸಿಕ್ಕಿಕೊಂಡರೆ ಸುತ್ತಳತೆಯ ಅಂಕಿಯನ್ನು ಬಿಟ್ಟುಬಿಡಿ, ರಟ್ಟಿನ ಮಾತು ಕೇಳಿ. ನೀವು ಇರುವ ಊರಿನಲ್ಲಾದರೆ ರಟ್ಟಿನ ಬದಲು ಅದೇ ಸೈಜಿನ ಸಾದಾ ಲೋಹದ ಬಳೆ ಒಂದು ಜೊತೆ ಕೊಂಡು ಹಾಕಿ ನೋಡಬಹುದಿತ್ತು. ಅಲ್ಲಿ ಭಾರತೀಯ ಅಂಗಡಿ ಹತ್ತಿರವಿದ್ದರೆ ಅವಳೂ ನೋಡಲಿ.

ಈಗ ಅಕ್ಕಸಾಲಿಗರ ಮಾತು. ಅವರು ಮುಂಗೈ ನೋಡಿ ಹೇಳುತ್ತಿದ್ದಾರೆ. 15 ಸೆಂ.ಮೀ. ಮುಂಗೈಯ ಮೇಲೆ 19 ಸೆಂ.ಮೀ. ಸುತ್ತಿನ ಬಳೆ ಸಡಿಲವಾಗಿ ಕಾಣುವುದು ಸಹಜ. ಮುಂಗೈ ಸಣ್ಣಗಿದ್ದು ಅಂಗೈ ಅಗಲವಿರುವವರಿಗೆ ಎಷ್ಟು ಸರಿಯಾದ ಸೈಜು ಹಾಕಿದರೂ ಬಳೆ ಮೇಲೆ ಕೆಳಗೆ ಓಡಾಡುತ್ತದೆ. ಆದರೆ ಬಳೆ ಕಳೆದುಹೋಗುವುದು ಮುಂಗೈಯಿಂದಲ್ಲ, ಹೆಬ್ಬೆರಳ ಗೆಣ್ಣಿನಿಂದ. ನೋಡಬೇಕಾದದ್ದು ಅಲ್ಲಿ. ಬಳೆ ಹಾಕಿ, ಕೈಯನ್ನು ಪಕ್ಕಕ್ಕೆ ಜೋಲು ಬಿಟ್ಟು, ಬೆರಳುಗಳನ್ನು ಸಡಿಲ ಇಟ್ಟು ನಾಲ್ಕೈದು ಸಲ ಜಾಡಿಸಿ. ಬಳೆ ಹೆಬ್ಬೆರಳ ಬುಡಕ್ಕೆ ಬಂದು ನಿಲ್ಲಬೇಕು. ಅದನ್ನು ದಾಟಿ ಗೆಣ್ಣಿನ ಮೇಲೆ ಏರಿದರೆ ಅದು ನಿಜವಾದ ಸಡಿಲ, ಅಂಥ ಬಳೆ ಬಟ್ಟೆ ಒಗೆಯುವಾಗ ಸೋಪಿನ ಕೈಯಲ್ಲಿ ಜಾರುತ್ತದೆ. ನಿಮ್ಮ ಮಗಳಿಗೆ 2-6 ಹಾಗೆ ಆಗುವುದಿಲ್ಲ, ಸುತ್ತಿನಲ್ಲಿ ನಾಲ್ಕು ಮಿ.ಮೀ. ಅಷ್ಟೇ ಸಡಿಲ ಇರುವುದು. ಓಡಾಡುವುದು ಚಂದ ಕಾಣುವುದಿಲ್ಲ ಎನ್ನಿಸಿದರೆ ಚಿನ್ನದ ಬಳೆಯ ಹಿಂದೆ ಮುಂದೆ ಗಾಜಿನ ಬಳೆ ಹಾಕಿಕೊಳ್ಳುವ ನಮ್ಮ ಹಳೆಯ ರೂಢಿಯೇ ಸಾಕು. ಮುಂಗೈ ಕಡೆಯ ಬಿಗಿ ಗಾಜಿನ ಬಳೆ ಚಿನ್ನವನ್ನು ಹಿಡಿದು ನಿಲ್ಲಿಸುತ್ತದೆ.

ಕಡಗದ ಲೆಕ್ಕ ಬೇರೆ. ತೆಳು ಬಳೆಯನ್ನು ಓರೆ ಮಾಡಬಹುದು, ಒಂದು ಗೆಣ್ಣು ದಾಟಿಸಿ ಇನ್ನೊಂದಕ್ಕೆ ಹೋಗಬಹುದು. ಒಂದೂವರೆ ಸೆಂ.ಮೀ. ಅಗಲದ ಕಡಗ ಕೊಳವೆಯ ಹಾಗೆ. ಓರೆ ಮಾಡಿದರೆ ಅದರ ಎರಡೂ ಅಂಚು ಒಟ್ಟಿಗೆ ಕೈಗೆ ತಾಗುತ್ತವೆ, ಹಾಗಾಗಿ ಗೆಣ್ಣುಗಳ ಸಾಲನ್ನೂ ಹೆಬ್ಬೆರಳ ದಿಬ್ಬವನ್ನೂ ಒಂದೇ ಸಲ ದಾಟಬೇಕು. ಅದೇ 2-6 ಅಂಕಿ ಇದ್ದರೂ ಕಡಗದಲ್ಲಿ ಅದು ಬಿಗಿ. ಒಂದು ಸೆಂ.ಮೀ. ದಾಟಿದ ಅಗಲಕ್ಕೆ ನಾನು ಒಂದು ಸೈಜು ಮೇಲೆ ಹೇಳುತ್ತೇನೆ, ಅಂದರೆ ನಿಮ್ಮ ಮಗಳಿಗೆ 2-8. ಇದರ ತೊಂದರೆ ಎಂದರೆ ಅಷ್ಟು ಭಾರದ ಕಡಗ 15ರ ಮುಂಗೈಯಲ್ಲಿ ತಿರುಗುತ್ತ, ಕೆಲಸ ಮಾಡುವಾಗ ಮೇಜಿಗೆ ಬಡಿಯುತ್ತದೆ.

ಅದು ಬೇಡವಾದರೆ ತಿರುಪು ಹಾಕಿ ತೆರೆಯುವ ಕಡಗ ಮಾಡಿಸಬಹುದು. ಆಗ ಗೆಣ್ಣಿನ ಮಾತೇ ಇಲ್ಲ, ಮುಂಗೈ ಅಳತೆ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಮುಂಗೈ 15ಕ್ಕೆ ಎರಡು ಸೆಂ.ಮೀ. ಸೇರಿಸಿದರೆ 17, ಅಂದರೆ 2-2. ಗೆಣ್ಣು ದಾಟಬೇಕಾದ ಕಡಗ 2-8, ತೆರೆದು ಹಾಕುವ ಕಡಗ 2-2, ಎರಡೂ ಅದೇ ಕೈಗೆ. ಸುತ್ತು ಕಮ್ಮಿಯಾದ್ದರಿಂದ ಚಿನ್ನವೂ ಕಮ್ಮಿ ಹಿಡಿಯುತ್ತದೆ, ಕೂಲಿ ಹೆಚ್ಚಾಗುತ್ತದೆ. ಅಪಾಯ ತಿರುಪಿನದ್ದು. ದಿನ ಹಾಕಿ ತೆಗೆದರೆ ಅದರ ಹಲ್ಲು ಸವೆಯುತ್ತದೆ, ಕೀಲು ಸಡಿಲಾಗುತ್ತದೆ, ಒಂದು ದಿನ ಗೊತ್ತಾಗದೆ ಬಿಚ್ಚಿಕೊಳ್ಳಬಹುದು. ಹಬ್ಬ ಹುಣ್ಣಿಮೆಗೆ ಹಾಕುವವರಿಗೆ ಇದು ಚಿಂತೆಯಲ್ಲ. ಮಾಡಿಸುವಾಗ ತಿರುಪು ಪೂರ್ತಿ ಕಳಚಿ ಕೈಗೆ ಬರದ ಹಾಗೆ ಮಾಡಿ ಎಂದು ಹೇಳಿ, ಬಿದ್ದು ಕಳೆದರೆ ಅದೇ ಹಲ್ಲಿನ ಇನ್ನೊಂದು ಸಿಗುವುದು ಕಷ್ಟ. ರಟ್ಟಿನ ಪರೀಕ್ಷೆಯಲ್ಲಿ ಮಗಳ ಗೆಣ್ಣು ಗಟ್ಟಿ ಎಂದು ಕಂಡರೆ ನಾನು ತಿರುಪಿನದ್ದನ್ನೇ ಮಾಡಿಸಿ ಎನ್ನುತ್ತೇನೆ. ಹೆಬ್ಬೆರಳ ಬುಡದಲ್ಲಿ ಸಂಧಿನೋವು ಇರುವ ಹಿರಿಯರಿಗೂ ಅದೇ ಸರಿ, ಅವರಿಗೆ ಕೈ ಮಡಚಿಸುವುದೇ ಹಿಂಸೆ.

"ಚಿಕ್ಕದಾದರೆ ಆಮೇಲೆ ಹಿಗ್ಗಿಸಿಕೊಡ್ತೀವಿ" ಎಂದು ಅಂಗಡಿಯಲ್ಲಿ ಹೇಳುವುದುಂಟು. ಗಟ್ಟಿ ಸಾದಾ ಬಳೆಯನ್ನು ಕಾಯಿಸಿ, ಅಚ್ಚುಗೋಲಿಗೆ ಹಾಕಿ ತಟ್ಟಿ ಸ್ವಲ್ಪ ಹಿಗ್ಗಿಸಬಹುದು, ಹಿಗ್ಗಿದಷ್ಟೂ ತೆಳುವಾಗುತ್ತದೆ. ಪೂರ್ತಿ ಒಂದು ಸೈಜು ಎಂದರೆ ಸುತ್ತಿನಲ್ಲಿ ಒಂದು ಸೆಂ.ಮೀ., ಕೆತ್ತನೆ ಇರುವ ಬಳೆಯಲ್ಲಿ ಅಷ್ಟು ಹಿಗ್ಗಿಸಿದರೆ ಹೂವು ಬಳ್ಳಿ ಎಳೆದಂತಾಗುವುದು ಕಣ್ಣಿಗೆ ಕಾಣುತ್ತದೆ. ಕಲ್ಲು ಕೂರಿಸಿದ್ದು, ಮೀನಾ ಕೆಲಸದ್ದು, ಒಳಗೆ ಟೊಳ್ಳಾದದ್ದು ಹಿಗ್ಗಿಸಲು ಕೊಡಲೇಬಾರದು. ಕಲ್ಲು ಸಡಿಲಾಗುತ್ತದೆ, ಮೀನಾ ಚಕ್ಕೆ ಏಳುತ್ತದೆ, ಟೊಳ್ಳು ಬಳೆ ಬಿರಿಯುತ್ತದೆ. ಉಳಿದ ದಾರಿ ಕತ್ತರಿಸಿ ತುಂಡು ಸೇರಿಸುವುದು. ಹದಿನೆಂಟು ಗ್ರಾಮಿನ 2-4 ಬಳೆ ಎಂದಿಟ್ಟುಕೊಳ್ಳಿ. ಅದರ ಸುತ್ತು 18 ಸೆಂ.ಮೀ., ಅಂದರೆ ಸೆಂ.ಮೀ.ಗೆ ಒಂದು ಗ್ರಾಮು. 2-6 ಮಾಡಲು ಒಂದು ಗ್ರಾಮು ಚಿನ್ನ, ಎರಡು ಬೆಸುಗೆ, ಕೂಲಿ. ನಾಲ್ಕು ಬಳೆಗೆ ನಾಲ್ಕು ಪಾಲು. ಕತ್ತರಿಸುವ ಜಾಗದಲ್ಲಿ ಹಾಲ್‌ಮಾರ್ಕಿನ ಮುದ್ರೆ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಗೆ ನೋಡಿಕೊಳ್ಳಲೇಬೇಕು. ದೊಡ್ಡದಾದ ಬಳೆಯನ್ನು ಕುಗ್ಗಿಸುವುದು ಇದಕ್ಕಿಂತ ಸುಲಭ, ತುಂಡು ಕತ್ತರಿಸಿ ತೆಗೆದರೆ ಆ ಚಿನ್ನ ನಿಮ್ಮ ಕೈಗೇ ವಾಪಸ್ಸು ಬರುತ್ತದೆ, ಬೆಸುಗೆಯೂ ಒಂದೇ. ಸಂಶಯ ಬಂದಾಗ ಮೇಲಿನ ಸೈಜು ಎನ್ನುವುದಕ್ಕೆ ಇದು ನನ್ನ ಎರಡನೇ ಕಾರಣ.

ಮುಂದೆ ದೇವರ ದಯೆಯಿಂದ ಮಗಳಿಗೆ ಸೀಮಂತ ಕೂಡಿಬಂದಾಗ ಈ ಅಳತೆಯ ಚೀಟಿಯನ್ನು ನೆಚ್ಚಬೇಡಿ, ಆಗ ಹೊಸದಾಗಿ ಅಳೆಯಿರಿ. ಏಳೆಂಟು ತಿಂಗಳ ಹೊತ್ತಿಗೆ ಬಹಳ ಹೆಣ್ಣುಮಕ್ಕಳಿಗೆ ಕೈ ಬಾತುಕೊಳ್ಳುತ್ತದೆ. ಸೀಮಂತದ ಹಸಿರು ಬಳೆಗೆ ನಾವು ಮದುವೆಯ ಸೈಜಿಗಿಂತ ಒಂದು ಮೇಲಿನದನ್ನು ಜೊತೆಗೆ ಇಟ್ಟುಕೊಂಡೇ ಹೋಗುತ್ತೇವೆ. ಆ ಹೊತ್ತಿನಲ್ಲಿ ಬಿಗಿ ಗಾಜಿನ ಬಳೆ ಒತ್ತಿ ತೊಡಿಸಿ ಗಾಯ ಮಾಡುವುದು ಬೇಡ.

ಯಾವ ಬಳೆಯಾದರೂ ಸಿಕ್ಕಿಕೊಂಡರೆ ಎಳೆದಾಡಬೇಡಿ, ಎಳೆದಷ್ಟೂ ಗೆಣ್ಣು ಬಾತುಕೊಳ್ಳುತ್ತದೆ. ಕೈಯನ್ನು ತಲೆಗಿಂತ ಮೇಲೆ ಐದು ನಿಮಿಷ ಎತ್ತಿ ಹಿಡಿದು, ಆಮೇಲೆ ತಣ್ಣೀರಲ್ಲಿ ಇಟ್ಟು, ತೆಳುವಾದ ಪ್ಲಾಸ್ಟಿಕ್ ಕವರನ್ನು ಬೆರಳ ಕಡೆಯಿಂದ ಕೈಗೆ ತೊಡಿಸಿ ಬಳೆಯ ಅಡಿಯಿಂದ ಒಳಕ್ಕೆ ತೂರಿಸಿ. ಕವರಿನ ಮೇಲೆ ಕೊಬ್ಬರಿ ಎಣ್ಣೆ ಸವರಿ ಬಳೆಯನ್ನು ಓರೆ ಮಾಡಿ ಜಾರಿಸಿದರೆ ಬರುತ್ತದೆ. ಬೆರಳು ಜೋಮು ಹಿಡಿದರೆ, ಬಣ್ಣ ನೀಲಿಗೆ ತಿರುಗಿದರೆ ಬಳೆಯ ಆಸೆ ಬಿಟ್ಟು ಕತ್ತರಿಸಿ. ಎಣ್ಣೆ, ಕವರು ತೆಗೆಯಲು ಇರುವ ಉಪಾಯ. ಹಾಕಿಕೊಳ್ಳಲೇ ಅದು ಬೇಕಾಗುವ ಚಿನ್ನದ ಬಳೆ ಚಿಕ್ಕದು ಎಂದೇ ಅರ್ಥ.

ಅಕ್ಕಸಾಲಿಗರ ಚೀಟಿಯಲ್ಲಿ ಬರೀ "2-6" ಎಂದು ಬರೆಸಬೇಡಿ. "2-6, ಒಳ ಅಡ್ಡಳತೆ 60.3 ಮಿ.ಮೀ., ಒಳಸುತ್ತು 19 ಸೆಂ.ಮೀ." ಎಂದು ಬರೆಸಿ. ಕೆಲವರು ಹೊರ ಅಂಚಿನಿಂದ ಅಳೆಯುತ್ತಾರೆ. ಎರಡು ಮಿ.ಮೀ. ದಪ್ಪದ ಬಳೆಯಲ್ಲಿ ಆಗ ನಾಲ್ಕು ಮಿ.ಮೀ. ತಪ್ಪುತ್ತದೆ, ಅದು ಒಂದು ಸೈಜಿಗಿಂತ ಹೆಚ್ಚು. ಬಳೆ ಕೈಗೆ ಬಂದ ದಿನ ದುಡ್ಡು ಎಣಿಸುವ ಮೊದಲು ಎಟಿಎಂ ಕಾರ್ಡು ತೆಗೆದು ನಾಲ್ಕು ಬಳೆಗೂ ಒಳಗೆ ಹಿಡಿಯಿರಿ, ಒಮ್ಮೆ ಹಿಡಿದ ಮೇಲೆ ಬಳೆಯನ್ನು ಕಾಲುಭಾಗ ತಿರುಗಿಸಿ ಇನ್ನೊಮ್ಮೆ. ಎರಡೂ ಸಲ ಆರು ಮಿ.ಮೀ. ಸಂದು ಉಳಿದರೆ ಬಳೆ ದುಂಡಗೂ ಇದೆ, 2-6 ಕೂಡ ಹೌದು.